ಕಳಿಸಿದ ಮೇಲ್ ವಾಪಸ್: 30 ಸೆಕೆಂಡ್ ದಾಟಿದ ಮೇಲೆ ಯಾಕೆ ಆಗಲ್ಲ?

ಪ್ರಶ್ನೆ: ಆಫೀಸಿನ ಎಲ್ಲರ ಸಂಬಳದ ವಿವರ ಇರುವ ಎಕ್ಸೆಲ್ ಫೈಲನ್ನು ನಮ್ಮ ಆಡಿಟರಿಗೆ ಕಳಿಸಬೇಕಿತ್ತು. ಅವರ ಹೆಸರಿನವರೇ ಇನ್ನೊಬ್ಬರು ಗ್ರಾಹಕರಿದ್ದಾರೆ, ಅವರಿಗೆ ಹೋಗಿಬಿಟ್ಟಿತು. ಎರಡು ನಿಮಿಷದೊಳಗೆ ನನಗೆ ಗೊತ್ತಾಯಿತು, ಅಷ್ಟರಲ್ಲಿ Undo ಮಾಯವಾಗಿತ್ತು. ಗಾಬರಿಯಲ್ಲಿ Sent ಫೋಲ್ಡರಿನಿಂದ ಆ ಮೇಲ್ ಅಳಿಸಿದ್ದೇನೆ. ಅವರ ಕಡೆಯೂ ಅಳಿಸಿಹೋಗಿರುತ್ತದಾ? ಸಹೋದ್ಯೋಗಿ ಒಬ್ಬರು "ತಕ್ಷಣ ನೆಟ್ ಆಫ್ ಮಾಡಬೇಕಿತ್ತು" ಅಂದರು, ನಿಜವಾ? ಜಿಮೇಲ್ ಸೆಟ್ಟಿಂಗಿನಲ್ಲಿ 30 ಸೆಕೆಂಡಿಗಿಂತ ಜಾಸ್ತಿ ಇಡಲು ಬಿಡುತ್ತಿಲ್ಲ. ಹತ್ತು ನಿಮಿಷ ಇಡುವ ದಾರಿ ಇದೆಯಾ? ಈಗ ನಾನೇನು ಮಾಡಲಿ?

ಉತ್ತರ: ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಆ ಮೇಲ್ ಅವರ ಪೆಟ್ಟಿಗೆಯಲ್ಲೇ ಇದೆ. ನೀವು ಅಳಿಸಿದ್ದು ನಿಮ್ಮ ಪ್ರತಿಯನ್ನು ಮಾತ್ರ. ಅದನ್ನು ಈಗಲೇ Trash ಫೋಲ್ಡರಿಗೆ ಹೋಗಿ ವಾಪಸ್ ತಂದಿಟ್ಟುಕೊಳ್ಳಿ. ಜಿಮೇಲ್ ಅಲ್ಲಿ 30 ದಿನ ಇಟ್ಟುಕೊಂಡಿರುತ್ತದೆ, ಆಮೇಲೆ ತಾನೇ ಅಳಿಸಿಹಾಕುತ್ತದೆ. ಯಾವ ಫೈಲು, ಯಾರಿಗೆ, ಎಷ್ಟು ಹೊತ್ತಿಗೆ ಹೋಯಿತು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ.

ನಾನು ಮೇಲ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದವನು. "ಈಗ ತಾನೇ ಒಂದು ಮೇಲ್ ಹೋಯ್ತು, ಹೇಗಾದರೂ ಹಿಡಿದು ನಿಲ್ಲಿಸಿ" ಅನ್ನುವ ಫೋನು ನಮಗೆ ಬರುತ್ತಲೇ ಇರುತ್ತದೆ. ಕರೆ ಮಾಡುವವರಲ್ಲಿ ಬಹಳಷ್ಟು ಜನ Undo ಎಂದರೆ ಹೋದ ಮೇಲನ್ನು ಹಿಂದಕ್ಕೆ ಎಳೆಯುವ ಬಟನ್ ಎಂದುಕೊಂಡಿರುತ್ತಾರೆ. ಅದು ಹಾಗಲ್ಲ. Undo ಕಾಣುತ್ತಿರುವಷ್ಟು ಹೊತ್ತು ಮೇಲ್ ಹೊರಟೇ ಇರುವುದಿಲ್ಲ.

ನೀವು Send ಒತ್ತಿದಾಗ ಜಿಮೇಲ್ ಕೆಳಗೆ ಎಡಗಡೆ Message sent ಎಂದು ತೋರಿಸುತ್ತದಲ್ಲ, ಆ ಮಾತು ಪೂರ್ತಿ ನಿಜವಲ್ಲ. ಸೆಟ್ಟಿಂಗಿನಲ್ಲಿ ನೀವು ಕೊಟ್ಟಷ್ಟು ಸೆಕೆಂಡು ಅದು ಮೇಲನ್ನು ತನ್ನ ಬಳಿಯೇ ತಡೆದಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ Undo ಒತ್ತಿದರೆ ಅದು ಮತ್ತೆ ಡ್ರಾಫ್ಟ್ ಆಗಿ ನಿಮ್ಮ ಮುಂದೆ ತೆರೆದುಕೊಳ್ಳುತ್ತದೆ. ಒತ್ತದಿದ್ದರೆ ಗಡುವು ಮುಗಿದ ಕೂಡಲೇ ನಿಜವಾದ ಕಳಿಸುವಿಕೆ ಶುರುವಾಗುತ್ತದೆ. ಅಂದರೆ ಇದು ಬೇಕೆಂದೇ ಮಾಡುವ ತಡ. 2009ರಲ್ಲಿ ಜಿಮೇಲ್ ಇದನ್ನು ಪ್ರಯೋಗದ ಸೌಲಭ್ಯವಾಗಿ ತಂದಾಗ ಸಿಗುತ್ತಿದ್ದದ್ದು 5 ಸೆಕೆಂಡು. 2015ರಲ್ಲಿ ಮಾಮೂಲಿ ಸೆಟ್ಟಿಂಗ್ ಆಯಿತು. ಈಗ 5, 10, 20, 30 ಎಂಬ ನಾಲ್ಕು ಆಯ್ಕೆಗಳಿವೆ. ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಐಒಎಸ್ 16ರಿಂದ 10, 20, 30 ಸೆಕೆಂಡು ಸಿಗುತ್ತದೆ. ಬ್ರೌಸರಿನಲ್ಲಿ ತೆರೆಯುವ ಔಟ್‌ಲುಕ್‌ನಲ್ಲಿ ಗರಿಷ್ಠ 10.

ಈಗ ನಿಮ್ಮ ಮೇಲಿನ ವಿಷಯಕ್ಕೆ ಬರೋಣ. ತಡ 30 ಸೆಕೆಂಡ್ ಇತ್ತು ಎಂದೇ ಇಟ್ಟುಕೊಳ್ಳೋಣ. 31ನೇ ಸೆಕೆಂಡಿಗೆ ನಿಮ್ಮ ಕಡೆಯ ಸರ್ವರ್, ಆ ಗ್ರಾಹಕರ ಮೇಲ್ ಯಾವ ಸರ್ವರಿನಲ್ಲಿದೆ ಎಂದು ಹುಡುಕಿ ಅದಕ್ಕೆ ಸಂಪರ್ಕ ಕೊಡುತ್ತದೆ. ಇಬ್ಬರೂ ಬೇರೆ ಬೇರೆ ಸರ್ವರಿನಲ್ಲಿದ್ದರೆ ಅವುಗಳ ನಡುವೆ ಹೆಚ್ಚುಕಡಿಮೆ ಇಂಥ ಮಾತುಕತೆ ನಡೆಯುತ್ತದೆ:

```
MAIL FROM:<accounts@example.com>
250 OK
RCPT TO:<client@example.org>
250 OK
DATA
354 Start mail input
(ಇಲ್ಲಿ ಇಡೀ ಪತ್ರ ಮತ್ತು ಫೈಲು)
.
250 OK
QUIT
```

ಸಂಖ್ಯೆಯಿಂದ ಶುರುವಾಗುವ ಸಾಲುಗಳು ಆ ಕಡೆಯ ಸರ್ವರಿನ ಉತ್ತರ. ಇದರಲ್ಲಿ ಒಂಟಿ ಚುಕ್ಕೆಯ ನಂತರ ಬರುವ 250 ಇದೆಯಲ್ಲ, ಅದೇ ನಿರ್ಣಾಯಕ. "ಪತ್ರ ಪೂರ್ತಿ ಸಿಕ್ಕಿತು, ಇನ್ನು ಇದರ ಹೊಣೆ ನನ್ನದು" ಎಂದು ಆ ಸರ್ವರ್ ಒಪ್ಪಿಕೊಂಡ ಕ್ಷಣ ಅದು. ಆಮೇಲೆ ಪತ್ರವನ್ನು ತಲುಪಿಸಬೇಕು, ಇಲ್ಲವೇ ತಲುಪಿಸಲು ಆಗಲಿಲ್ಲ ಎಂದು ನಿಮಗೆ ತಿಳಿಸಬೇಕು. ನಿಯಮ ಇರುವುದು ಇಷ್ಟೇ. ಸರ್ವರ್‌ಗಳ ಈ ಭಾಷೆಗೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಬರೆದಿಟ್ಟ ಇದರ ರೂಪ ಆಮೇಲೆ ಎರಡು ಸಲ ಪರಿಷ್ಕರಣೆಯಾಗಿದೆ. ಅದರಲ್ಲಿ "ಈಗ ಕೊಟ್ಟದ್ದನ್ನು ವಾಪಸ್ ಕೊಡು" ಎನ್ನುವ ಆಜ್ಞೆಯೇ ಇಲ್ಲ. `RSET` ಎಂಬುದೊಂದಿದೆ, ಆದರೆ ಅದು ನಡೆಯುತ್ತಿರುವ ವ್ಯವಹಾರವನ್ನು ಅರ್ಧಕ್ಕೆ ಬಿಡಲು ಮಾತ್ರ. ಕೊನೆಯ 250 ಬಂದಮೇಲೆ ಅದರಿಂದ ಏನೂ ಆಗುವುದಿಲ್ಲ.

ನಿಮ್ಮ ಲೆಕ್ಕದಲ್ಲಿ ಈ ಮಾತುಕತೆ ಸುಮಾರು ಒಂದೆರಡು ಸೆಕೆಂಡಿನಲ್ಲಿ ಮುಗಿದಿರುತ್ತದೆ, ಫೈಲು ದೊಡ್ಡದಿದ್ದರೆ ಸ್ವಲ್ಪ ಜಾಸ್ತಿ. ನಿಮಗೆ ತಪ್ಪು ಹೊಳೆಯುವ ಹೊತ್ತಿಗೆ ಮೇಲ್ ಆ ಕಡೆ ಸೇರಿ ಒಂದು ನಿಮಿಷಕ್ಕೂ ಜಾಸ್ತಿ ಆಗಿತ್ತು. ಅಷ್ಟರಲ್ಲಿ ಅವರ ಫೋನಿನ ಪರದೆಯ ಮೇಲೆ ವಿಷಯದ ಸಾಲು ಮೂಡಿರಬಹುದು, ಲ್ಯಾಪ್‌ಟಾಪಿನ ಮೇಲ್ ಪ್ರೋಗ್ರಾಂ ಒಂದು ಪ್ರತಿ ಇಳಿಸಿಕೊಂಡಿರಬಹುದು, ಬರುವ ಮೇಲನ್ನೆಲ್ಲ ಇನ್ನೊಂದು ವಿಳಾಸಕ್ಕೆ ತಳ್ಳುವಂತೆ ಅವರು ಹಾಕಿಟ್ಟ ನಿಯಮ ಅದನ್ನು ಮುಂದಕ್ಕೂ ಕಳಿಸಿರಬಹುದು. ಸರ್ವರಿನಿಂದ ಅಳಿಸಿದರೂ ಆ ಪ್ರತಿಗಳೆಲ್ಲ ಅಲ್ಲಲ್ಲೇ ಇರುತ್ತವೆ.

"ಇಬ್ಬರದೂ ಜಿಮೇಲೇ ಆದರೆ? ಎರಡೂ ಒಂದೇ ಕಂಪನಿಯ ಸರ್ವರಿನಲ್ಲಿ ಇರುತ್ತವಲ್ಲ" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಲ್ಲಿ ಅಡ್ಡಿ ತಂತ್ರಜ್ಞಾನದ್ದಲ್ಲ. ಪೆಟ್ಟಿಗೆ ಸೇರಿದ ಮೇಲ್ ಆ ಪೆಟ್ಟಿಗೆಯವರದು. ಕಳಿಸಿದವರು ಬೇಕಾದಾಗ ಕೈಹಾಕಿ ತೆಗೆಯಬಹುದು ಎಂದಾದರೆ, ನಿಮಗೆ ಬಂದ ದರದ ಒಪ್ಪಂದವೋ ಬೆದರಿಕೆಯ ಪತ್ರವೋ ಒಂದು ದಿನ ಸುಮ್ನೆ ಕಾಣೆಯಾಗುತ್ತದೆ. ಅಂಥ ಮೇಲನ್ನು ಯಾರು ನಂಬುತ್ತಾರೆ?

ಆಫೀಸುಗಳಲ್ಲಿ ಬಳಸುವ ಔಟ್‌ಲುಕ್‌ನ Recall ಬಗ್ಗೆ ನೀವು ಕೇಳಿರಬಹುದು. ಅದು ನಿಜವಾಗಿಯೂ ತಲುಪಿದ ಮೇಲನ್ನು ತೆಗೆಯಲು ನೋಡುತ್ತದೆ. ಆದರೆ ನಡೆಯುವುದು ಒಂದೇ ಸಂಸ್ಥೆಯ ಒಳಗೆ ಮಾತ್ರ, ಇಬ್ಬರ ಪೆಟ್ಟಿಗೆಗಳೂ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ವ್ಯವಸ್ಥೆಯಲ್ಲಿದ್ದರೆ ಮಾತ್ರ. ಅಲ್ಲಿ ಎರಡೂ ಪೆಟ್ಟಿಗೆಗಳ ಯಜಮಾನ ಒಬ್ಬನೇ, ಅದಕ್ಕೇ ಆಗುತ್ತದೆ. ಹೊರಗಿನ ಗ್ರಾಹಕರಿಗೆ ಹೋದದ್ದಕ್ಕೆ Recall ಒತ್ತಿದರೆ ಉಪಯೋಗ ಇಲ್ಲ. ಅದರ ಬದಲು "ಇಂಥವರು ಈ ಮೇಲನ್ನು ಹಿಂಪಡೆಯಲು ಬಯಸುತ್ತಾರೆ" ಎಂಬ ಇನ್ನೊಂದು ಮೇಲ್ ಅವರಿಗೆ ಹೋಗುವುದುಂಟು. ಅಲ್ಲಿಯವರೆಗೆ ಗಮನಿಸದಿದ್ದವರೂ ಆಗ ತೆರೆದು ನೋಡುತ್ತಾರೆ, ಅಲ್ವಾ?

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ತಡೆದಿಟ್ಟ ಮೇಲ್ ಎಲ್ಲಿ ಕಾಯುತ್ತಿದೆ ಎನ್ನುವುದರ ಮೇಲೆ ಅದು ನಿಂತಿದೆ. ಹಳೆಯ ಔಟ್‌ಲುಕ್, ಥಂಡರ್‌ಬರ್ಡ್ ಥರದ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಪ್ರೋಗ್ರಾಂಗಳಲ್ಲಿ ಮೇಲ್ ನಿಮ್ಮದೇ ಯಂತ್ರದ Outbox ಫೋಲ್ಡರಿನಲ್ಲಿ ಕೂತಿರುತ್ತದೆ. ಅದಿನ್ನೂ ಅಲ್ಲಿ ಕಾಣುತ್ತಿದ್ದರೆ ನೆಟ್ ಕಿತ್ತುಹಾಕಿ, ಮೇಲನ್ನು ಅಳಿಸಿ, ಆಮೇಲೆ ನೆಟ್ ಹಾಕಬಹುದು. ದೊಡ್ಡ ಫೈಲು ನಿಧಾನಕ್ಕೆ ಹೋಗುತ್ತಿರುವಾಗ ಇದು ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಕೊನೆಯ ಆ ಚುಕ್ಕೆ ತಲುಪದಿದ್ದರೆ ಆ ಕಡೆಯ ಸರ್ವರ್ ಅರ್ಧ ಪತ್ರವನ್ನು ಬಿಸಾಡುತ್ತದೆ. ಆದರೆ ನಿಮ್ಮದು ಜಿಮೇಲ್. ಮೇಲ್ ಗೂಗಲ್ ಸರ್ವರಿಗೆ ಸೇರಿದ ಮೇಲೆ ನಿಮ್ಮ ಮನೆಯ ನೆಟ್ ಇದ್ದರೇನು, ಹೋದರೇನು. ಎರಡು ನಿಮಿಷ ಆದಮೇಲಂತೂ ಆ ಮಾತೇ ಬೇಡ.

ಸಂಸ್ಥೆಗೆ ಸ್ವಂತ ಸರ್ವರ್ ಇದ್ದರೆ ಇನ್ನೊಂದು ಸಣ್ಣ ಅವಕಾಶ ಉಂಟು. ಆ ಕಡೆಯ ಸರ್ವರ್ ಕೆಲವೊಮ್ಮೆ 250 ಹೇಳುವ ಬದಲು 450 ಎಂದೋ 451 ಎಂದೋ ಹೇಳುತ್ತದೆ. "ಈಗ ಆಗಲ್ಲ, ಆಮೇಲೆ ಬಾ" ಎಂದು ಅರ್ಥ. ಆಗ ಮೇಲ್ ನಮ್ಮ ಸರದಿಯಲ್ಲೇ ಉಳಿಯುತ್ತದೆ, ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ನಡೆಸುವವರು `postqueue -p` ಎಂದು ಹೊಡೆದು ಸರದಿ ನೋಡಿ, ಆ ಮೇಲಿನ ಗುರುತು ಸಂಖ್ಯೆ ಹಿಡಿದು `postsuper -d` ಆಜ್ಞೆಯಿಂದ ಅಳಿಸಬಹುದು. ಸರದಿಯಲ್ಲಿ ಕಾಣದಿದ್ದರೆ ಹೋಯಿತೆಂದೇ ಅರ್ಥ. ನಮ್ಮಂಥವರು ಫೋನು ಬಂದ ಕೂಡಲೇ ಮಾಡುವ ಮೊದಲ ಕೆಲಸ ಇದು. ಸಿಕ್ಕರೆ ಅದೃಷ್ಟ ಅಷ್ಟೇ.

ಸರಿ, ಹೋದಮೇಲೆ ತರಲು ಆಗಲ್ಲ. ಹಾಗಾದರೆ ಹೋಗುವ ಮುಂಚಿನ ತಡವನ್ನೇ ಹತ್ತು ನಿಮಿಷ ಮಾಡಿದರೆ ಏನು ಕಷ್ಟ? ತಾಂತ್ರಿಕವಾಗಿ ಏನೂ ಇಲ್ಲ. 30 ಎಂಬುದು ವಿಜ್ಞಾನದ ನಿಯಮವಲ್ಲ, ತಯಾರಕರು ಆರಿಸಿಕೊಂಡ ಅಂಕಿ. ಆದರೆ ಅದಕ್ಕೆ ಕಾರಣವಿದೆ. ಈ ಸೆಟ್ಟಿಂಗ್ ಮೇಲ್ ನೋಡಿ ಆರಿಸುವುದಿಲ್ಲ, ನೀವು ಕಳಿಸುವ ಪ್ರತಿಯೊಂದನ್ನೂ ಅಷ್ಟು ಹೊತ್ತು ಹಿಡಿದಿಡುತ್ತದೆ. ಫೋನಿನಲ್ಲಿ "ಕಳಿಸಿದೆ, ನೋಡಿ" ಅನ್ನುತ್ತೀರಿ. ಆ ಕಡೆಯವರು "ಬಂದಿಲ್ಲವಲ್ಲ" ಅನ್ನುತ್ತಾರೆ. ಅರ್ಧ ನಿಮಿಷ ಆದರೆ ಮಾತಾಡುತ್ತಾ ಕಳೆಯಬಹುದು. ಹತ್ತು ನಿಮಿಷ ಆದರೆ ನೀವು ಅದನ್ನೇ ಎರಡನೇ ಸಲ ಕಳಿಸಿರುತ್ತೀರಿ. ಇಬ್ಬರು ಬೇಗ ಬೇಗ ಉತ್ತರ ಬರೆಯುತ್ತಿರುವಾಗ ಒಬ್ಬರ ಮಾತು ಇನ್ನೊಬ್ಬರ ಮಾತಿಗಿಂತ ಹಿಂದೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಮೇಲೆ Message sent ಎಂದು ಬರೆದು ಹತ್ತು ನಿಮಿಷ ಕಳಿಸದೇ ಇರುವುದು ಬಳಸುವವರಿಗೆ ಹೇಳುವ ಸುಳ್ಳೂ ಆಗುತ್ತದೆ.

ಇನ್ನೊಂದು, ಈ Undo ಕಟ್ಟಿರುವುದೇ ಬೆರಳ ತುದಿಯ ತಪ್ಪಿಗಾಗಿ. ಫೈಲು ಸೇರಿಸುವುದು ಮರೆತದ್ದು, ಅರ್ಧ ಬರೆದಾಗಲೇ ಕೈ ತಗುಲಿ ಹೋದದ್ದು, ಒಬ್ಬರಿಗೆ ಬರೆದ ಉತ್ತರ ಎಲ್ಲರಿಗೂ ಹೋದದ್ದು. ಇಂಥವು ಒತ್ತಿದ ಕೂಡಲೇ "ಅಯ್ಯೋ" ಅನ್ನಿಸುವಂಥವು. ನಿಮ್ಮದು ಆ ಜಾತಿಯ ತಪ್ಪಲ್ಲ. ಹೆಸರಿನ ಮೊದಲ ಎರಡು ಅಕ್ಷರ ಹೊಡೆದಾಗ ಜಿಮೇಲ್ ತೋರಿಸಿದ ವಿಳಾಸವನ್ನು ಸರಿ ಎಂದೇ ನಂಬಿ ಒತ್ತಿದಿರಿ. ಸರಿ ಎಂದು ನಂಬಿದವರಿಗೆ 30 ಸೆಕೆಂಡಿನಲ್ಲಿ ಅನುಮಾನ ಬರುವುದು ಹೇಗೆ? ಹಾಗಾಗಿ ನಿಮಗೆ ಬೇಕಿರುವುದು ಉದ್ದದ Undo ಅಲ್ಲ, ಬೇರೆಯದೇ ಉಪಾಯ.

ಆದರೂ ಸೆಟ್ಟಿಂಗನ್ನು 30ಕ್ಕೆ ಇಡಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಗೇರ್ ಚಿಹ್ನೆ ಒತ್ತಿ, See all settings ಆರಿಸಿ. General ಎಂಬ ಮೊದಲ ಪುಟದಲ್ಲೇ Undo Send ಸಾಲು ಇರುತ್ತದೆ. ಅಂಕಿ ಬದಲಿಸಿ ಪುಟದ ತಳದವರೆಗೂ ಇಳಿದು Save Changes ಒತ್ತಬೇಕು. ಇದನ್ನು ಒತ್ತದೆ ಹೊರಬಂದು "ಸೆಟ್ಟಿಂಗ್ ನಿಲ್ಲುತ್ತಿಲ್ಲ" ಅನ್ನುವವರೇ ಜಾಸ್ತಿ. ಆಮೇಲೆ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಒಂದು ಮೇಲ್ ಕಳಿಸಿ ಗಡಿಯಾರ ನೋಡಿ. ಸುಮಾರು ಅರ್ಧ ನಿಮಿಷ ಬಿಟ್ಟು ಬಂದರೆ ಸರಿಯಾಗಿದೆ. ಒಂದು ಎಚ್ಚರ ಬೇಕು. ಕಳಿಸಿದ ಬೆನ್ನಿಗೇ ಬೇರೊಂದು ಮೇಲನ್ನು ಅಳಿಸಿದರೆ ಅದೇ ಜಾಗದಲ್ಲಿ ಅದರ Undo ಬಂದು ಕೂರುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿದರೆ ಅಳಿಸಿದ ಮೇಲ್ ವಾಪಸ್ ಬರುತ್ತದೆ, ಕಳಿಸಿದ್ದು ಹೋಗುತ್ತದೆ. ಮುಖ್ಯವಾದದ್ದನ್ನು ಕಳಿಸಿದಮೇಲೆ ಅರ್ಧ ನಿಮಿಷ ಬೇರೇನನ್ನೂ ಮುಟ್ಟಬೇಡಿ.

ಹತ್ತು ನಿಮಿಷದ ತಡಕ್ಕೆ ಜಿಮೇಲ್‌ನಲ್ಲಿ ಇರುವ ದಾರಿ Schedule send. Send ಬಟನ್ನಿನ ಪಕ್ಕದ ಸಣ್ಣ ಬಾಣ ಒತ್ತಿದರೆ ಸಿಗುತ್ತದೆ. ಸಮಯವನ್ನು ನೀವೇ ಹಾಕಿಕೊಳ್ಳಬಹುದು, ಈಗ 4 ಗಂಟೆಯಾಗಿದ್ದರೆ 4:15 ಎಂದು ಕೊಡಿ. ಅಲ್ಲಿಯವರೆಗೆ ಮೇಲ್ Scheduled ಫೋಲ್ಡರಿನಲ್ಲಿ ಇರುತ್ತದೆ. ತೆರೆದು Cancel send ಒತ್ತಿದರೆ ಮತ್ತೆ ಡ್ರಾಫ್ಟ್. ಇದು ಗೂಗಲ್ ಸರ್ವರಿನಲ್ಲೇ ಕಾಯುವುದರಿಂದ ಕಂಪ್ಯೂಟರ್ ಮುಚ್ಚಿದರೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ನನಗೆ ಇದು Undoಗಿಂತ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಯಾವುದಕ್ಕೆ ತಡ ಬೇಕು ಎಂದು ನೀವೇ ಆರಿಸುತ್ತೀರಿ. ಸಂಬಳ, ಬೆಲೆಪಟ್ಟಿ, ಕೋಪದಲ್ಲಿ ಬರೆದ ಉತ್ತರ ಇವಕ್ಕೆ ಇಡಿ. ಉಳಿದದ್ದು ನೇರ ಹೋಗಲಿ. ಇದರ ಕೊರತೆ ಒಂದೇ: ಪ್ರತಿ ಸಲ ನೆನಪಿಟ್ಟು ಮಾಡಬೇಕು.

ನೆನಪಿಡುವ ಗೊಡವೆ ಬೇಡ ಎನ್ನುವವರಿಗೆ ಕಂಪ್ಯೂಟರಿನ ಹಳೆಯ ಔಟ್‌ಲುಕ್‌ನಲ್ಲಿ ಒಂದು ನಿಯಮ ಹಾಕಬಹುದು. Manage Rules & Alerts ಒಳಗೆ ಹೋಗಿ, ಕಳಿಸುವ ಮೇಲ್‌ಗಳಿಗೆ ಹೊಸ ನಿಯಮ ಆರಿಸಿ, ಷರತ್ತು ಏನೂ ಹಾಕದೆ ಮುಂದೆ ಹೋದರೆ defer delivery by a number of minutes ಎಂಬ ಸಾಲು ಸಿಗುತ್ತದೆ. 120 ನಿಮಿಷದವರೆಗೂ ಕೊಡಬಹುದು. ತುರ್ತಿನವಕ್ಕೆ ವಿನಾಯಿತಿಯನ್ನೂ ಸೇರಿಸಿಕೊಳ್ಳಿ. High importance ಗುರುತು ಹಾಕಿದ್ದು ಕಾಯದೆ ಹೋಗಲಿ ಎಂದು. ಇಲ್ಲಿ ಎರಡು ಅಪಾಯಗಳಿವೆ. ಮೇಲ್ ಕಾಯುವುದು Outbox ಒಳಗೆ, ಆದ್ದರಿಂದ ಔಟ್‌ಲುಕ್ ಮುಚ್ಚಿ ಮನೆಗೆ ಹೋದರೆ ಅದು ಅಲ್ಲೇ ಉಳಿಯಬಹುದು. ಇನ್ನೊಂದು, Outboxನಲ್ಲಿ ಕಾಯುತ್ತಿರುವ ಮೇಲನ್ನು "ಸರಿ ಇದೆಯಾ ನೋಡೋಣ" ಎಂದು ತೆರೆದು ಹಾಗೇ ಮುಚ್ಚಿದರೆ ಅದು ಹೋಗುವುದೇ ಇಲ್ಲ, ಮತ್ತೆ Send ಒತ್ತಬೇಕು. ಪಟ್ಟಿಯಲ್ಲಿ ಅದರ ಅಕ್ಷರ ಓರೆಯಾಗಿದ್ದರೆ ಹೋಗಲು ತಯಾರಿದೆ, ನೆಟ್ಟಗಾಗಿದ್ದರೆ ಸುಮ್ನೆ ಬಿದ್ದಿದೆ ಎಂದು ತಿಳಿಯಿರಿ.

ನಿಮ್ಮ ಕೆಲಸಕ್ಕೆ ನಾನು ಇವೆಲ್ಲಕ್ಕಿಂತ ಮೊದಲು ಹೇಳುವುದು ಬೇರೆ. ಸಂಬಳದ ಫೈಲನ್ನು ಮೇಲಿಗೆ ಅಂಟಿಸಬೇಡಿ. ಡ್ರೈವ್‌ನಲ್ಲಿ ಇಟ್ಟು, ಆಡಿಟರ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟು, ಕೊಂಡಿಯನ್ನು ಕಳಿಸಿ. ಆಗ ಮೇಲ್ ತಪ್ಪಿ ಹೋದರೂ ಹೋದದ್ದು ಕೊಂಡಿ ಮಾತ್ರ, ತೆರೆಯಲು ಹೋದವರಿಗೆ ಅನುಮತಿ ಇಲ್ಲ ಎಂದು ಬರುತ್ತದೆ. ಒಂದು ವಿಷಯ ನೋಡಿಕೊಳ್ಳಿ. ಜಿಮೇಲ್ ಕಳಿಸುವಾಗ "ಇವರಿಗೆ ಅನುಮತಿ ಇಲ್ಲ, ಕೊಡಲೇ?" ಎಂದು ಕೇಳಿದರೆ ಕಣ್ಣುಮುಚ್ಚಿ ಹೂಂ ಅನ್ನಬೇಡಿ. ವಿಳಾಸ ತಪ್ಪಿದೆ ಎಂದು ಗೊತ್ತಾಗುವ ಜಾಗವೇ ಅದು. ಕೊಂಡಿ ಇರುವ ಯಾರಾದರೂ ನೋಡಬಹುದು ಎಂಬ ಆಯ್ಕೆಯನ್ನಂತೂ ಇಡಲೇಬೇಡಿ. ಫೈಲನ್ನೇ ಕಳಿಸಬೇಕು ಎಂದಾದರೆ ಎಕ್ಸೆಲ್‌ನಲ್ಲೇ ಪಾಸ್‌ವರ್ಡ್ ಹಾಕಿ ಬೀಗ ಹಾಕಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಹಾಗೆಯೇ ವಿಳಾಸದ ಜಾಗವನ್ನು ಎಲ್ಲ ಬರೆದು ಮುಗಿದಮೇಲೆ ತುಂಬುವ ಅಭ್ಯಾಸವಿದ್ದರೆ ಒಳ್ಳೆಯದು. ಖಾಲಿ ವಿಳಾಸದ ಮೇಲ್ ಎಷ್ಟು ಸಲ Send ಒತ್ತಿದರೂ ಹೋಗುವುದಿಲ್ಲ.

ಈಗ ಹೋದ ಮೇಲಿನ ವಿಷಯ. ಗ್ರಾಹಕರು ಇನ್ನೂ ನೋಡಿಲ್ಲ ಎಂದು ಕಾಯುತ್ತಾ ಕೂರಬೇಡಿ, ಓದಿದ ಸೂಚನೆ ಬಂದಿಲ್ಲ ಎಂದರೆ ಓದಿಲ್ಲ ಎಂದಲ್ಲ. ಮೊದಲು ಫೋನು ಮಾಡಿ. ಆಮೇಲೆ ಅದೇ ಮೇಲಿಗೆ ಉತ್ತರವಾಗಿ ಬರೆಯಬೇಡಿ, ಹಳೆಯ ಪತ್ರ ಮತ್ತೆ ಜೊತೆಗೆ ಹೋಗಬಹುದು. ಹೊಸ ಮೇಲ್ ತೆರೆದು ಎರಡೇ ಸಾಲು: "ಇಂದು ಇಷ್ಟು ಹೊತ್ತಿಗೆ ನಿಮಗೆ ಬಂದ ಈ ಹೆಸರಿನ ಫೈಲು ತಪ್ಪಾಗಿ ಬಂದಿದೆ. ದಯವಿಟ್ಟು ತೆರೆಯದೆ, ಯಾರಿಗೂ ಕಳಿಸದೆ ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆದು ನನಗೊಂದು ಉತ್ತರ ಹಾಕಿ." ಅವರು ಉತ್ತರ ಹಾಕಿದರೆ ಅದನ್ನೂ, Trashನಿಂದ ತಂದ ನಿಮ್ಮ ಮೇಲನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಹಾಗೆಯೇ ಇದನ್ನು ನಿಮ್ಮ ಮೇಲಧಿಕಾರಿಗೆ ಇವತ್ತೇ ಹೇಳಿ. ಫೈಲಿನಲ್ಲಿರುವುದು ನಿಮ್ಮೊಬ್ಬರ ಸಂಬಳವಲ್ಲ, ಅದರಲ್ಲಿ ಹೆಸರಿರುವವರಿಗೆ ತಿಳಿಸಬೇಕೋ ಬೇಡವೋ ಎನ್ನುವುದನ್ನು ನೀವು ಒಬ್ಬರೇ ತೀರ್ಮಾನ ಮಾಡುವಂಥದ್ದೂ ಅಲ್ಲ. ಬ್ಯಾಂಕ್ ಖಾತೆ ಸಂಖ್ಯೆಗಳು ಆ ಹಾಳೆಯಲ್ಲಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.